ಬಾವಿ ನೀರೋ, ಬೋರ್ ನೀರೋ? ಪರಿಸರ ವಿಜ್ಞಾನಕ್ಕೆ ಒಂದು ಪ್ರಕರಣದ ಪ್ರಶ್ನೆ ಹೆಣೆಯುವುದು ಹೀಗೆ

‘ಜಲಮಾಲಿನ್ಯದ ಕಾರಣಗಳನ್ನು ಬರೆಯಿರಿ’ ಎಂದು ಕೇಳಿದರೆ ಉತ್ತರ ಗೈಡಿನಿಂದ ಬರುತ್ತದೆ. ಕಾರ್ಖಾನೆಯ ತ್ಯಾಜ್ಯ, ಚರಂಡಿ ನೀರು, ರಸಗೊಬ್ಬರ, ಕೀಟನಾಶಕ. ನಾಲ್ಕು ಪಾಯಿಂಟು, ನಾಲ್ಕು ಅಂಕ. ಅದೇ ಹುಡುಗಿಯ ಕೈಗೆ ಅವಳ ಊರಿನ ನೀರಿನ ಪರೀಕ್ಷಾ ವರದಿ ಕೊಟ್ಟು ‘ಇದನ್ನು ಕುಡಿಯಬಹುದಾ?’ ಅಂತ ಕೇಳಿ ನೋಡಿ. ಅವಳು ಸುಮ್ಮನಾಗುತ್ತಾಳೆ. ಹದಿನೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಆ ಮೌನ ತುಂಬಾ ಕಾಡಿದೆ.

ಆ ಮೌನವನ್ನು ಮುರಿಯಲು ಪ್ರಕರಣದ ಪ್ರಶ್ನೆ ಬೇಕು. ಒಂದು ಊರು, ಅಲ್ಲಿನ ನೀರು, ಒಂದಿಷ್ಟು ಅಂಕಿ, ಕೊನೆಗೆ ಒಂದು ತೀರ್ಮಾನ. ಉತ್ತರ ಒಂದೇ ಇರುವುದಿಲ್ಲ. ಹಾಗಾಗಿ ‘ಕೀ ಆನ್ಸರ್’ ನಡೆಯುವುದಿಲ್ಲ, ಅಂಕದ ಮಟ್ಟಗಳು ಬೇಕಾಗುತ್ತವೆ. ಎರಡನ್ನೂ ಮಾಡುವ ಬಗೆಯನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ.

ಮೊದಲು ತೀರ್ಮಾನ, ಆಮೇಲೆ ಕಥೆ

ಹೆಚ್ಚಿನವರು ಊರಿನ ವರ್ಣನೆಯಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆಗ ಕಥೆ ಉದ್ದವಾಗುತ್ತದೆ, ಪ್ರಶ್ನೆ ಮಾತ್ರ ಮತ್ತೆ ‘ಕಾರಣ ಬರೆಯಿರಿ’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಮಗು ಯಾವ ತೀರ್ಮಾನ ತೆಗೆದುಕೊಳ್ಳಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನನ್ನದು ಇದು: ಎರಡು ನೀರಿನ ಮೂಲಗಳಿವೆ, ಎರಡೂ ಕೆಟ್ಟಿವೆ, ಆದರೆ ಬೇರೆ ಬೇರೆ ರೀತಿಯಲ್ಲಿ ಕೆಟ್ಟಿವೆ. ಒಂದಕ್ಕೆ ಆಗುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಪಂಚಾಯಿತಿ ಏನು ಮಾಡಬೇಕು?

ಇದರ ಹಿಂದೆ ಒಂದು ಉದ್ದೇಶವಿದೆ. ನೀರು ಕೆಟ್ಟಿದೆ ಎಂದ ತಕ್ಷಣ ನಮ್ಮ ಮಕ್ಕಳು ‘ಕಾಯಿಸಿ ಆರಿಸಿ ಕುಡಿಯಬೇಕು’ ಎನ್ನುತ್ತಾರೆ. ರೋಗಾಣುಗಳ ಮಟ್ಟಿಗೆ ಅದು ಸರಿ. ಫ್ಲೋರೈಡಿಗೆ, ನೈಟ್ರೇಟಿಗೆ ಅದು ತಪ್ಪು. ಕಾಯಿಸಿದರೆ ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದು ಉಳಿಯುತ್ತದೆ. ಲೀಟರಿಗೆ 2.6 ಮಿಲಿಗ್ರಾಂ ಫ್ಲೋರೈಡ್ ಇರುವ ಹತ್ತು ಲೀಟರ್ ನೀರನ್ನು ಕಾಯಿಸಿ ಎಂಟು ಲೀಟರ್ ಮಾಡಿದರೆ ಅದು ಸುಮಾರು 3.25 ಆಗುತ್ತದೆ. ಜಾಸ್ತಿಯಾಯ್ತು, ಅಲ್ವಾ? ಇಡೀ ಪ್ರಶ್ನೆ ನಿಂತಿರುವುದು ಈ ಒಂದು ಅಂಶದ ಮೇಲೆ.

ಪ್ರಕರಣ ಬರೆಯುವುದು

ಊರಿಗೆ ನಿಜವಾದ ಹೆಸರು ಕೊಡಬೇಡಿ. ಮಕ್ಕಳು ಆ ಊರಿನ ಬಗ್ಗೆ ಕೇಳಿದ್ದನ್ನೆಲ್ಲ ಬರೆಯಲು ಶುರು ಮಾಡುತ್ತಾರೆ. ನಾನು ಕಟ್ಟಿಕೊಂಡ ಪ್ರಕರಣ ಇಷ್ಟೇ:

‘ಬಯಲುಸೀಮೆಯ ಒಂದು ಹಳ್ಳಿ. ಸುತ್ತ ಕಲ್ಲುಗುಡ್ಡ, ಶೇಂಗಾ ಹೊಲ. ಹತ್ತಿರದಲ್ಲಿ ಕಾರ್ಖಾನೆ ಇಲ್ಲ. ಊರಿಗೆ 700 ಅಡಿಯ ಬೋರ್‌ವೆಲ್ ಇದೆ. ಅದರ ನೀರು ಓವರ್‌ಹೆಡ್ ಟ್ಯಾಂಕಿಗೆ ಹೋಗುತ್ತದೆ. ನೋಡಲು ಕನ್ನಡಿಯಂತೆ ತಿಳಿ. ಶಾಲೆಯ ಹಿಂದೆ 40 ಅಡಿಯ ತೆರೆದ ಬಾವಿ ಇದೆ. ಬೇಸಿಗೆಯಲ್ಲಿ ಅದರಲ್ಲಿ ಎರಡು ಅಡಿಯಷ್ಟೇ ನೀರು. ಬಾವಿಗೆ 15 ಮಾರು ದೂರದಲ್ಲಿ ತಿಪ್ಪೆಯೂ ಒಂದು ಶೌಚಾಲಯದ ಗುಂಡಿಯೂ ಇವೆ. ಬಾವಿ ನೀರು ಸಿಹಿ, ಅದೇ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ.

ಬೋರ್‌ವೆಲ್, ಎರಡೂ ಕಾಲದಲ್ಲಿ: ಫ್ಲೋರೈಡ್ 2.6, ನೈಟ್ರೇಟ್ 18. ಪರೀಕ್ಷಾ ಬಾಟಲಿ ಕಪ್ಪಾಗಲಿಲ್ಲ.
ಬಾವಿ, ಏಪ್ರಿಲ್: ಫ್ಲೋರೈಡ್ 0.7, ನೈಟ್ರೇಟ್ 38. ಬಾಟಲಿ ಕಪ್ಪಾಗಲಿಲ್ಲ.
ಬಾವಿ, ಆಗಸ್ಟ್: ಫ್ಲೋರೈಡ್ 0.6, ನೈಟ್ರೇಟ್ 71. ಬಾಟಲಿ ಒಂದೇ ದಿನದಲ್ಲಿ ಕಪ್ಪಾಯಿತು.

ಅಂಕಿಗಳೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಮಿತಿ: ಫ್ಲೋರೈಡ್ 1.5, ನೈಟ್ರೇಟ್ 45. ಬಾಟಲಿ ಕಪ್ಪಾದರೆ ನೀರಿಗೆ ಮಲ ಸೇರಿರುವ ಸಾಧ್ಯತೆ ಇದೆ ಎಂದರ್ಥ.’

ಮಿತಿಗಳನ್ನು ನಾವೇ ಕೊಟ್ಟುಬಿಡಬೇಕು. ಅವು ಬಾಯಿಪಾಠ ಬರುತ್ತವೆಯೇ ಎಂದು ನೋಡುವುದು ಇಲ್ಲಿ ಉದ್ದೇಶವಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಫ್ಲೋರೈಡಿಗೆ 1 ಮಿಲಿಗ್ರಾಂ ಒಪ್ಪುವ ಮಟ್ಟ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಮಕ್ಕಳಿಗೆ ಗೊಂದಲ ಆಗದಿರಲೆಂದು ನಾನು 1.5 ಒಂದನ್ನೇ ಕೊಟ್ಟಿದ್ದೇನೆ. ಬಾಟಲಿ ಎಂದರೆ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಬಾಟಲಿ. ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್ಟಿನಲ್ಲೂ ಇರುವುದರಿಂದ ಕೆಲವು ಮಕ್ಕಳು ಅದನ್ನು ನೋಡಿರುತ್ತಾರೆ.

ಅಂಕಿಗಳನ್ನು ಮನಸ್ಸಿಗೆ ಬಂದಂತೆ ಹಾಕಬೇಡಿ. ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಬರುವುದು ಕಲ್ಲಿನಿಂದಲೇ. ಗ್ರಾನೈಟ್ ಜಾತಿಯ ಬಂಡೆಯೊಳಗೆ ನೀರು ವರ್ಷಗಟ್ಟಲೆ ನಿಂತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ಆಳದ ಬೋರಿನಲ್ಲಿ ಅದು ಹೆಚ್ಚು, ಮಳೆ ಬಂದರೂ ಬೇಗ ಬದಲಾಗುವುದಿಲ್ಲ. ಬಾವಿಯದ್ದು ಬೇರೆ ಕಥೆ. ಮೊದಲ ಮಳೆಗೆ ತಿಪ್ಪೆಯ ರಸವೂ ಗುಂಡಿಯ ನೀರೂ ಇಳಿಯುತ್ತವೆ. ನೈಟ್ರೇಟ್, ರೋಗಾಣು ಎರಡೂ ಒಟ್ಟಿಗೆ ಏರುತ್ತವೆ. ಅಂಕಿ ಈ ನಡೆಯನ್ನು ಅನುಸರಿಸಿದರೆ ಮಾತ್ರ ಯೋಚಿಸುವ ಮಗುವಿಗೆ ದಾರಿ ಸಿಗುತ್ತದೆ. ವರದಿಯಿಂದ ಅಂಕಿ ಎತ್ತಿಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಕೆಲವು ಲ್ಯಾಬ್‌ಗಳು ನೈಟ್ರೇಟನ್ನು ನೈಟ್ರೋಜನ್ ಲೆಕ್ಕದಲ್ಲಿ ಬರೆಯುತ್ತವೆ. ಆ ಲೆಕ್ಕದಲ್ಲಿ ಮಿತಿ ಸುಮಾರು 10, 45 ಅಲ್ಲ.

ಮೊದಲ ಸಲ ನಾನು ‘ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿವೆ’ ಎಂಬ ಸಾಲನ್ನೂ ಸೇರಿಸಿದ್ದೆ. ಆಮೇಲೆ ತೆಗೆದೆ. ಆ ಒಂದು ಸಾಲು ಓದಿದ ಕೂಡಲೇ ಎಲ್ಲರೂ ‘ಫ್ಲೋರೋಸಿಸ್’ ಎಂದು ಬರೆದರು, ಪಟ್ಟಿಯ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ.

ಕೇಳುವುದು ಎರಡೇ ಪ್ರಶ್ನೆ

ಒಂದು: ‘ಬಾವಿಯ ನೀರು ಆಗಸ್ಟಿನಲ್ಲಿ ಬದಲಾಯಿತು, ಬೋರಿನದು ಬದಲಾಗಲಿಲ್ಲ. ಏಕಿರಬಹುದು?’ ಇದಕ್ಕೆ ಎರಡು ಅಂಕ ಸಾಕು. ಕಾರ್ಖಾನೆ ಇಲ್ಲವೆಂದು ಹೇಳಿದ್ದರೂ ಕಾರ್ಖಾನೆಯನ್ನು ದೂರುವವರು ಇಲ್ಲೇ ಸಿಗುತ್ತಾರೆ.

ಎರಡು: ‘ಆಗಸ್ಟ್ ತಿಂಗಳು. ಕುಡಿಯುವ ನೀರಿನ ಬಗ್ಗೆ ಈ ವಾರ ಏನು ಮಾಡಬೇಕೆಂದು ಪಂಚಾಯಿತಿಗೆ ಸಲಹೆ ಕೊಡಿ. ಪಟ್ಟಿಯ ಅಂಕಿಗಳನ್ನು ಬಳಸಿ ಕಾರಣ ಹೇಳಿ. ಇನ್ನೂ ಯಾವ ಮಾಹಿತಿ ಬೇಕು ಎಂಬುದನ್ನೂ ಬರೆಯಿರಿ.’ ನಾಲ್ಕು ಅಂಕ. ‘ಈ ವಾರ’ ಎಂಬ ಮಾತು ಮುಖ್ಯ. ಅದನ್ನು ಬಿಟ್ಟರೆ ಎಲ್ಲರೂ ‘ಮಳೆಕೊಯ್ಲು ಮಾಡಬೇಕು, ಜನಜಾಗೃತಿ ಮೂಡಿಸಬೇಕು’ ಎಂದು ಬರೆದು ಮುಗಿಸುತ್ತಾರೆ.

ಮಟ್ಟಗಳನ್ನು ಉತ್ತರಗಳಿಂದಲೇ ಹೆಕ್ಕುವುದು

ಅಂಕದ ಮಟ್ಟಗಳನ್ನು ಕುರ್ಚಿಯಲ್ಲಿ ಕೂತು ಊಹಿಸಿ ಬರೆಯಬೇಡಿ. ಬೇರೆ ವಿಭಾಗದ ಹತ್ತು ಹನ್ನೆರಡು ಮಕ್ಕಳಿಗೆ ಪ್ರಶ್ನೆ ಕೊಡಿ. ಅಂಕ ಹಾಕದೆ ಉತ್ತರಗಳನ್ನು ನೆಲದ ಮೇಲೆ ಗುಂಪು ಮಾಡಿ. ಒಂದು ಗುಂಪು ಇನ್ನೊಂದಕ್ಕಿಂತ ಹೇಗೆ ಬೇರೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ. ಅದೇ ನಿಮ್ಮ ಮಟ್ಟ. 1982ರಲ್ಲಿ ಬಿಗ್ಸ್ ಮತ್ತು ಕಾಲಿಸ್ ಎಂಬ ಶಿಕ್ಷಣ ತಜ್ಞರು ಉತ್ತರಗಳನ್ನು ಇಂಥ ಹಂತಗಳಲ್ಲಿ ನೋಡುವ ಕ್ರಮವನ್ನು ರೂಪಿಸಿದ್ದರು. ಒಂದು ಸಂಗತಿ ಹಿಡಿದವರು, ಹಲವು ಸಂಗತಿ ಹಿಡಿದವರು, ಅವನ್ನು ಹೆಣೆದವರು, ಅದನ್ನೂ ದಾಟಿ ಹೋದವರು. ನನ್ನ ಎರಡನೇ ಪ್ರಶ್ನೆಯ ಗುಂಪುಗಳೂ ಹೆಚ್ಚುಕಡಿಮೆ ಹಾಗೇ ಬಂದವು.

‘ನೀರು ಜೀವಜಲ, ಅದನ್ನು ಶುದ್ಧವಾಗಿ ಇಡಬೇಕು.’ ಈ ಉತ್ತರ ಯಾವ ಊರಿಗೂ ಹೊಂದುತ್ತದೆ. ಪ್ರಕರಣವನ್ನು ಮುಟ್ಟಿಯೇ ಇಲ್ಲ. ಸೊನ್ನೆ.

‘ಬಾವಿ ನೀರಿನ ಬಾಟಲಿ ಕಪ್ಪಾಗಿದೆ, ಕಾಯಿಸಿ ಕುಡಿಯಬೇಕು.’ ಒಂದು ಸಂಗತಿ ಹಿಡಿದಿದೆ, ಅದಕ್ಕೆ ಮದ್ದೂ ಹೇಳಿದೆ. 71 ಕಣ್ಣಿಗೆ ಬಿದ್ದಿಲ್ಲ. ಒಂದು ಅಂಕ.

‘ಬೋರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಬಾವಿಯಲ್ಲಿ ನೈಟ್ರೇಟ್ ಮತ್ತು ರೋಗಾಣು ಇವೆ. ಎರಡನ್ನೂ ಶುದ್ಧೀಕರಿಸಿ ಕೊಡಬೇಕು.’ ತೊಂದರೆಗಳೆಲ್ಲ ಸಿಕ್ಕಿವೆ, ಆದರೆ ಪಕ್ಕಪಕ್ಕ ನಿಂತಿವೆ. ಯಾವುದಕ್ಕೆ ಯಾವ ಮದ್ದು ಎಂಬುದಿಲ್ಲ. ಎರಡು ಅಂಕ.

‘ಬಾವಿ ನೀರಿಗೆ ಕ್ಲೋರಿನ್ ಹಾಕಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಹಾಲುಪುಡಿ ಕಲಸಿ ಕುಡಿಸುವ ಕೂಸುಗಳಿಗೆ ಈ ನೀರು ಬೇಡ. ಬೋರ್ ನೀರನ್ನು ಕಾಯಿಸಿ ಪ್ರಯೋಜನವಿಲ್ಲ, ಅದನ್ನು ತೊಳೆಯಲು, ಸ್ನಾನಕ್ಕೆ ಬಳಸಲಿ.’ ಇಲ್ಲಿ ಕೊಳೆಗೂ ಮದ್ದಿಗೂ, ಕುಡಿಯುವವರಿಗೂ ನಂಟು ಬಂತು. ಮೂರು ಅಂಕ.

ನಾಲ್ಕನೇ ಅಂಕ ಅದರಾಚೆ ಹೋದವರಿಗೆ. ‘ಕೂಸುಗಳಿಗೆ ಪಕ್ಕದ ಊರಿಂದ ನೀರು ತರಬೇಕು, ಆದರೆ ಮೊದಲು ಆ ನೀರನ್ನೂ ಪರೀಕ್ಷೆ ಮಾಡಬೇಕು’ ಎಂದವನಿಗೆ ಕೊಟ್ಟೆ. ಒಬ್ಬ ಹುಡುಗಿ ನಾನು ಯೋಚಿಸಿಯೇ ಇರದಿದ್ದನ್ನು ಬರೆದಳು: ಎರಡೂ ನೀರನ್ನು ಬೆರೆಸಿದರೆ? ಸಮಸಮ ಬೆರೆಸಿ ಲೆಕ್ಕ ಹಾಕಿದ್ದಳು. ನೈಟ್ರೇಟ್ 44.5, ಮಿತಿಯೊಳಗೆ ಬಂತು. ಫ್ಲೋರೈಡ್ 1.6, ಸ್ವಲ್ಪದರಲ್ಲಿ ಹೊರಗೆ ಉಳಿಯಿತು. ಬಾವಿ ನೀರು ಹೆಚ್ಚಿಸಿದರೆ ನೈಟ್ರೇಟ್ ಮಿತಿ ದಾಟುತ್ತದೆ. ‘ಆಗಸ್ಟಿನಲ್ಲಿ ಬೆರೆಸಿದರೂ ಆಗುವುದಿಲ್ಲ’ ಎಂದು ಮುಗಿಸಿದ್ದಳು. ಅವಳು ನಿಲ್ಲಿಸಿದ್ದನ್ನು ನಾನು ಏಪ್ರಿಲ್ ಅಂಕಿಗಳಿಂದ ಮುಂದುವರಿಸಿದೆ. ಆಗ ಐದು ಕೊಡದಲ್ಲಿ ಮೂರು ಬಾವಿಯದು, ಎರಡು ಬೋರಿನದು ಹಾಕಿದರೆ ಫ್ಲೋರೈಡ್ 1.46, ನೈಟ್ರೇಟ್ 30. ಬಾವಿಯಲ್ಲಿ ನೀರು ಕಡಿಮೆ ಇರುವ ಕಾಲದಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುವ ದಾರಿ.

ತಿದ್ದುವಾಗ ಎಡವುವುದು ಎಲ್ಲಿ

ಉದ್ದ ಉತ್ತರಕ್ಕೆ ಕೈ ತಾನಾಗಿಯೇ ಜಾಸ್ತಿ ಅಂಕ ಹಾಕುತ್ತದೆ. ಎರಡು ಪುಟ ಬರೆದರೂ ಸಂಗತಿಗಳು ಪಕ್ಕಪಕ್ಕ ನಿಂತಿದ್ದರೆ ಅದು ಎರಡನೇ ಮಟ್ಟವೇ. ನಾಲ್ಕು ಸಾಲಿನಲ್ಲಿ ನಂಟು ಬಂದಿದ್ದರೆ ಮೂರು. ಇದನ್ನು ತಿದ್ದುವ ಹಾಳೆಯ ತಲೆಯಲ್ಲೇ ಬರೆದುಕೊಳ್ಳಿ.

ಇನ್ನೊಂದು ತೊಡಕು, ಒಳ್ಳೆಯ ಉತ್ತರದೊಳಗಿನ ತಪ್ಪು. ‘ಕ್ಲೋರಿನ್ ಹಾಕಿದರೆ ರೋಗಾಣು, ನೈಟ್ರೇಟ್ ಎರಡೂ ಹೋಗುತ್ತವೆ’ ಎಂದು ಬರೆದ ಹುಡುಗನಿಗೆ ನಾನು ಮೂರು ಕೊಟ್ಟಿದ್ದೆ, ಜೊತೆಯ ಮೇಡಂ ಎರಡು ಕೊಟ್ಟಿದ್ದರು. ಮಾತಾಡಿದ ಮೇಲೆ ಅವರದೇ ಸರಿ ಎನಿಸಿತು. ಮೂರನೇ ಮಟ್ಟ ನಿಂತಿರುವುದೇ ಮದ್ದು ಮತ್ತು ಕೊಳೆಯ ನಂಟಿನ ಮೇಲೆ. ಆ ನಂಟೇ ತಪ್ಪಿದರೆ ಮಟ್ಟ ಇಳಿಯಬೇಕು. ಅಂಕಿಯೊಂದನ್ನು ತಪ್ಪಾಗಿ ನಕಲು ಮಾಡಿದ್ದರೆ ಇಳಿಸಬೇಕಿಲ್ಲ. ಹೀಗೆ ಇಬ್ಬರು ಐದು ಉತ್ತರಗಳನ್ನು ಬೇರೆ ಬೇರೆ ತಿದ್ದಿ, ಎಲ್ಲಿ ಅಂಕ ಹೊಂದಲಿಲ್ಲವೋ ಅಲ್ಲಿನ ಮಟ್ಟದ ಮಾತನ್ನು ತಿದ್ದಿಕೊಂಡ ಮೇಲೆಯೇ ಉಳಿದ ಪೇಪರುಗಳಿಗೆ ಕೈ ಹಾಕಿ.

ಮುಂದಿನ ವರ್ಷಕ್ಕೂ ಇದೇ ಪ್ರಕರಣ ನಡೆಯುತ್ತದೆ. ಸೀನಿಯರ್‌ಗಳ ಉತ್ತರ ಕೈಯಿಂದ ಕೈಗೆ ಹೋಗಿರುತ್ತದೆ, ಹೋಗಲಿ. ಆಗಸ್ಟಿನ ನೈಟ್ರೇಟನ್ನು 71ರ ಬದಲು 58 ಮಾಡಿ. ಈಗ ಮೂರು ಕೊಡ ಬಾವಿ, ಎರಡು ಕೊಡ ಬೋರ್ ಎಂದರೆ ಫ್ಲೋರೈಡ್ 1.4, ನೈಟ್ರೇಟ್ 42. ಎರಡೂ ಮಿತಿಯೊಳಗೆ. ರೋಗಾಣು ಮಾತ್ರ ಉಳಿಯುತ್ತದೆ, ಅದಕ್ಕೆ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಡಬೇಕು. ಕಾಯಿಸಲು ಹೋದರೆ ನೀರು ಬತ್ತಿ ಫ್ಲೋರೈಡ್ ಮತ್ತೆ 1.5 ದಾಟಬಹುದು. ‘ಬೆರೆಸಿದರೂ ಆಗುವುದಿಲ್ಲ’ ಎಂದು ಬಾಯಿಪಾಠ ಬರೆದವರು ಯಾರು, ಲೆಕ್ಕ ಹಾಕಿದವರು ಯಾರು ಎಂಬುದು ಮೊದಲ ಮೂರು ಸಾಲಿನಲ್ಲೇ ಗೊತ್ತಾಗುತ್ತದೆ.