ಮೂರೂವರೆ ರೂಪಾಯಿ ಬಡ್ಡಿ: ನನ್ನ ಕ್ರೆಡಿಟ್ ಕಾರ್ಡ್ ಬಿಲ್ಲನ್ನು ನಾನೇ ಲೆಕ್ಕ ಹಾಕಿದ ಬಗೆ

ನಮ್ಮೂರ ಕಡೆ ಕೈಸಾಲದ ಬಡ್ಡಿಯನ್ನು ಯಾರೂ ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. 'ಎರಡು ರೂಪಾಯಿ ಬಡ್ಡಿ' ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಎಂದೂ, ವರ್ಷಕ್ಕೆ ಇಪ್ಪತ್ತನಾಲ್ಕು ಎಂದೂ ಓದುಬರಹ ಕಲಿಯದವರಿಗೂ ಗೊತ್ತಿರುತ್ತದೆ. ಮೂರು ರೂಪಾಯಿ ದಾಟಿದರೆ ಹಿರಿಯರು ಆ ಸಾಲದ ಗೋಜಿಗೇ ಹೋಗುತ್ತಿರಲಿಲ್ಲ. ಹೀಗಿದ್ದೂ, ನನ್ನ ಕ್ರೆಡಿಟ್ ಕಾರ್ಡಿನ ಷರತ್ತುಗಳಲ್ಲಿ 'ತಿಂಗಳಿಗೆ ಶೇಕಡಾ 3.5' ಎಂದು ಓದಿದಾಗ ಅದು ಮೂರೂವರೆ ರೂಪಾಯಿ ಬಡ್ಡಿ ಎಂಬುದು ನನಗೆ ಹೊಳೆಯಲಿಲ್ಲ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ನಾನೇ ಅದನ್ನು ಸಣ್ಣ ಸಂಖ್ಯೆಯೆಂದು ಭಾವಿಸಿ ಮುಂದೆ ಹೋದೆ. 2025ರ ಬೇಸಿಗೆಯಲ್ಲಿ ಆ ಸಂಖ್ಯೆಯನ್ನು ಬಿಡಿಸಿ ನೋಡಬೇಕಾಗಿ ಬಂದದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ 20ರಂದು ಅಮ್ಮನ ಚಿಕಿತ್ಸೆಯ ವೆಚ್ಚ 60,000 ರೂಪಾಯಿಯನ್ನು ಕಾರ್ಡಿನಲ್ಲಿ ಕಟ್ಟಿದೆ. ನನ್ನ ಬಿಲ್ ಪ್ರತಿ ತಿಂಗಳ 15ಕ್ಕೆ ತಯಾರಾಗುತ್ತದೆ, ಕಟ್ಟಲು ಅಲ್ಲಿಂದ ಇಪ್ಪತ್ತು ದಿನ ಇರುತ್ತದೆ. ಮೇ 15ರ ಬಿಲ್ಲಿನಲ್ಲಿ ಒಟ್ಟು ಬಾಕಿ 60,000, ಕನಿಷ್ಠ ಪಾವತಿ 3,000, ಕೊನೆಯ ದಿನ ಜೂನ್ 4 ಎಂದಿತ್ತು. ಆ ತಿಂಗಳು ಕೈ ಬಿಗಿಯಾಗಿದ್ದರಿಂದ ಜೂನ್ 4ರಂದು ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದೆ. ಉಳಿದ 57,000ಕ್ಕೆ ಮೂರೂವರೆಯಂತೆ 1,995 ರೂಪಾಯಿ ಬಡ್ಡಿ ಬರಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ಜೂನ್ 15ರ ಬಿಲ್ಲಿನಲ್ಲಿ ಬಡ್ಡಿ 3,893.92 ರೂಪಾಯಿ, ಅದರ ಮೇಲೆ ಜಿಎಸ್‌ಟಿ 700.91 ರೂಪಾಯಿ ಎಂದಿತ್ತು. ಮೂರು ಸಾವಿರ ಕಟ್ಟಿದ ಮೇಲೂ ಒಟ್ಟು ಬಾಕಿ 61,594.83ಕ್ಕೆ ಏರಿತ್ತು. ಬ್ಯಾಂಕು ತಪ್ಪು ಮಾಡಿದೆ ಎಂಬ ನಂಬಿಕೆಯಿಂದಲೇ ನಾನು ಎಕ್ಸೆಲ್ ತೆರೆದು ಕುಳಿತೆ. ತಪ್ಪಿದ್ದದ್ದು ನನ್ನ ಊಹೆಯಲ್ಲಿ, ಅದೂ ಎರಡು ಕಡೆ.

ಮೊದಲನೆಯದಾಗಿ, ಬಿಲ್ಲನ್ನು ಪೂರ್ತಿ ಕಟ್ಟದಿದ್ದರೆ ಬಡ್ಡಿ ಕೊನೆಯ ದಿನಾಂಕದ ಮರುದಿನದಿಂದ ಶುರುವಾಗುವುದಿಲ್ಲ, ಖರ್ಚು ಮಾಡಿದ ದಿನದಿಂದಲೇ ಶುರುವಾಗುತ್ತದೆ. ಬಡ್ಡಿಯಿಲ್ಲದ ಅವಧಿ ಎನ್ನುವುದು ಪೂರ್ತಿ ಕಟ್ಟುವವರಿಗೆ ಮಾತ್ರ ಸಿಗುವ ರಿಯಾಯಿತಿ. ಒಂದು ರೂಪಾಯಿ ಬಾಕಿ ಉಳಿಸಿಕೊಂಡರೂ ಅದು ಹಿಂದಿನಿಂದಲೇ ರದ್ದಾಗಬಹುದು. ಎರಡನೆಯದಾಗಿ, ತಿಂಗಳಿಗೆ ಇಷ್ಟು ಎಂದು ದರ ಹೇಳಿದ್ದರೂ ಲೆಕ್ಕ ನಡೆಯುವುದು ದಿನದ ಮೇಲೆ. ತಿಂಗಳ ದರವನ್ನು 12ರಿಂದ ಗುಣಿಸಿ 365ರಿಂದ ಭಾಗಿಸಿದರೆ ಒಂದು ದಿನದ ದರ ಸಿಗುತ್ತದೆ. 60,000 ರೂಪಾಯಿ ಏಪ್ರಿಲ್ 20ರಿಂದ ಜೂನ್ 3ರವರೆಗೆ 45 ದಿನ ಬಾಕಿ ಇತ್ತು, 57,000 ರೂಪಾಯಿ ಜೂನ್ 4ರಿಂದ 15ರವರೆಗೆ 12 ದಿನ ಬಾಕಿ ಇತ್ತು. ಅದನ್ನು ಹೀಗೆ ಬರೆದೆ:

```
=60000*45*0.035*12/365
=57000*12*0.035*12/365
```

ಮೊದಲನೆಯದು 3,106.85, ಎರಡನೆಯದು 787.07. ಕೂಡಿದರೆ ಬಿಲ್ಲಿನಲ್ಲಿದ್ದ 3,893.92 ಪೈಸೆಯೂ ವ್ಯತ್ಯಾಸವಿಲ್ಲದೆ ಬಂತು. ಅದರ ಶೇಕಡಾ 18ರಷ್ಟು ಜಿಎಸ್‌ಟಿ. ಬೇರೆ ಸಾಲಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಇದೆ. ಈ ವ್ಯತ್ಯಾಸವನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಬಿಲ್ ತಾಳೆಯಾದ ಮೇಲೆ, ಈ ಸಾಲದ ವಾರ್ಷಿಕ ದರ ನಿಜವಾಗಿ ಎಷ್ಟು ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ಒಂದೇ ಉತ್ತರವಿಲ್ಲ ಎಂಬುದನ್ನು ತಿಳಿಯಲು ನನಗೆ ಒಂದು ಸಂಜೆಯೇ ಹಿಡಿಯಿತು. 3.5ನ್ನು 12ರಿಂದ ಗುಣಿಸಿದರೆ 42. ಷರತ್ತುಗಳಲ್ಲಿ ಎಪಿಆರ್ ಎಂದು ನಮೂದಿಸುವುದು ಇದನ್ನೇ, ಮತ್ತು ವಾರ್ಷಿಕ ದರವನ್ನು ತೋರಿಸಲೇಬೇಕೆಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನಗಳು ಹೇಳಿದ್ದವು. ಆದರೆ 42 ಎನ್ನುವುದು ಪ್ರತಿ ತಿಂಗಳ ಬಡ್ಡಿಯನ್ನು ಆಯಾ ತಿಂಗಳೇ ತೀರಿಸಿಬಿಟ್ಟರೆ ಅನ್ವಯಿಸುವ ದರ. ಬಡ್ಡಿಯನ್ನು ಕಟ್ಟದೆ ಬಿಟ್ಟು, ಅದು ಅಸಲಿಗೆ ಸೇರಿ ಮತ್ತೆ ಬಡ್ಡಿ ಹುಟ್ಟಿಸುತ್ತಾ ಹೋದರೆ ಅದು ಚಕ್ರಬಡ್ಡಿಯಾಗುತ್ತದೆ, ಆಗ ಗುಣಾಕಾರ ಸಾಲದು, ಘಾತ ಬೇಕು:

```
=(1+0.035)^12-1
=EFFECT(0.42,12)
```

ಎರಡೂ ಸೂತ್ರಗಳು 0.5111 ಎಂದು ತೋರಿಸುತ್ತವೆ, ಅಂದರೆ ಶೇಕಡಾ 51.11. ನೂರು ರೂಪಾಯಿ ಬಾಕಿ ಹನ್ನೆರಡು ತಿಂಗಳಲ್ಲಿ 151.11 ರೂಪಾಯಿಯಾಗುತ್ತದೆ. ಬಡ್ಡಿಯಾದ 51.11ರ ಮೇಲೆ ಜಿಎಸ್‌ಟಿ 9.20 ಸೇರಿದರೆ 160.31. ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ, ಮೂರೂವರೆ ರೂಪಾಯಿ ಎಂದು ಕಾಗದದ ಮೇಲೆ ಬರೆದದ್ದು ಚಕ್ರಬಡ್ಡಿ ಮತ್ತು ತೆರಿಗೆ ಸೇರಿದಾಗ ಐದು ರೂಪಾಯಿ ಬಡ್ಡಿಯಾಗುತ್ತದೆ. ತೆರಿಗೆಯನ್ನು ಬಿಟ್ಟು ನೋಡಿದರೂ ಬಾಕಿ ಇಪ್ಪತ್ತೊಂದನೆಯ ತಿಂಗಳಿಗೆ ದುಪ್ಪಟ್ಟಾಗುತ್ತದೆ.

ಈ 51ರ ದರಕ್ಕೂ ಒಂದು ಮಿತಿ ಇದೆ. ಏನನ್ನೂ ಕಟ್ಟದೆ ವರ್ಷ ಕಳೆಯುವವರಿಗೆ ಇದು ಪೂರ್ತಿ ಚಿತ್ರವಲ್ಲ, ಏಕೆಂದರೆ ಅವರಿಗೆ ತಡ ಪಾವತಿ ಶುಲ್ಕ ಪ್ರತಿ ತಿಂಗಳು ಬೀಳುತ್ತದೆ ಮತ್ತು ಕಾರ್ಡನ್ನೇ ತಡೆಹಿಡಿಯಲಾಗುತ್ತದೆ. ನನ್ನಂತೆ ಕನಿಷ್ಠ ಮೊತ್ತ ಕಟ್ಟುವವರಿಗೂ ಇದು ಹೊಂದುವುದಿಲ್ಲ, ಏಕೆಂದರೆ ಅವರು ಬಡ್ಡಿಯನ್ನು ತಿಂಗಳು ತಿಂಗಳು ತೀರಿಸುತ್ತಲೇ ಇರುತ್ತಾರೆ. ಕನಿಷ್ಠ ಪಾವತಿ ಮಾಡುವವರ ತೊಂದರೆ ಬೇರೆ ಬಗೆಯದು: ಬಾಕಿ ಬೆಳೆಯುವುದಿಲ್ಲ, ಆದರೆ ಕರಗುವುದೂ ಇಲ್ಲ. ನನಗೆ ಹೆಚ್ಚು ಆತಂಕ ತಂದದ್ದು ಇದೇ, ಏಕೆಂದರೆ ಪ್ರತಿ ತಿಂಗಳೂ ಹಣ ಕಟ್ಟುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಇದು ಕಾಣದೇ ಹೋಗುತ್ತದೆ.

ಅದನ್ನು ಹಾಳೆಯಲ್ಲಿ ಹನ್ನೆರಡು ಸಾಲುಗಳಲ್ಲಿ ಬರೆದು ನೋಡಿದೆ. ಬಡ್ಡಿ ಮತ್ತು ಅದರ ಜಿಎಸ್‌ಟಿ ಸೇರಿ ತಿಂಗಳ ನಿಜವಾದ ಹೊರೆ 3.5ರ ಬದಲು 4.13, ಅಂದರೆ 3.5 ಗುಣಿಸು 1.18. ಪ್ರತಿ ತಿಂಗಳು ಬಾಕಿಗೆ ಇಷ್ಟನ್ನು ಕೂಡಿ, ಬಂದ ಮೊತ್ತದ ಶೇಕಡಾ 5ನ್ನು ಕನಿಷ್ಠ ಪಾವತಿಯಾಗಿ ಕಳೆಯುತ್ತಾ ಹೋದೆ. 61,595 ರೂಪಾಯಿಯಿಂದ ಶುರು ಮಾಡಿ, ಕಾರ್ಡಿನಲ್ಲಿ ಒಂದು ರೂಪಾಯಿಯ ಹೊಸ ಖರ್ಚನ್ನೂ ಮಾಡದೆ ಇದ್ದರೂ, ವರ್ಷದಲ್ಲಿ ಕಟ್ಟುವ ಹಣ ಸುಮಾರು 36,300 ರೂಪಾಯಿ. ಅದರಲ್ಲಿ ಬಡ್ಡಿಗೂ ತೆರಿಗೆಗೂ ಹೋಗುವುದು ಸುಮಾರು 28,800, ಬಾಕಿ ಇಳಿಯುವುದು 7,500 ಮಾತ್ರ. ವರ್ಷದ ಕೊನೆಗೆ ಇನ್ನೂ 54,000ಕ್ಕೂ ಮೀರಿ ಸಾಲ ಹಾಗೆಯೇ ನಿಂತಿರುತ್ತದೆ. ಕಟ್ಟುವುದು ನೂರಕ್ಕೆ ಐದು, ಏರುವುದು ನೂರಕ್ಕೆ ನಾಲ್ಕು ಚಿಲ್ಲರೆ. ಇಳಿಯುವುದು ಆ ಅಂತರ ಮಾತ್ರ, ಅದೂ ತಿಂಗಳಿಗೆ ಒಂದು ರೂಪಾಯಿಯ ಆಸುಪಾಸು. ಕೆಲವು ಬ್ಯಾಂಕುಗಳು ಬಡ್ಡಿ ಮತ್ತು ತೆರಿಗೆಯನ್ನು ಪೂರ್ತಿಯಾಗಿ ಕನಿಷ್ಠ ಮೊತ್ತಕ್ಕೆ ಸೇರಿಸುತ್ತವೆ, ಅಲ್ಲಿ ಇಳಿಕೆ ಇದಕ್ಕಿಂತ ವೇಗವಾಗಿರುತ್ತದೆ. ನಿಮ್ಮ ಬಿಲ್ಲಿನಲ್ಲಿ ಕನಿಷ್ಠ ಮೊತ್ತವನ್ನು ಯಾವ ಸೂತ್ರದಿಂದ ತೆಗೆದಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ನಮ್ಮ ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಆಗ ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ, ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕುವ ಸಾಲ ಸಿಗುತ್ತಿತ್ತು. 62,000 ರೂಪಾಯಿಗೆ ಹನ್ನೆರಡು ಕಂತು, ಕಂತಿಗೆ 5,509, ಒಟ್ಟು ಕಟ್ಟುವುದು ಸುಮಾರು 66,100. ಇದೇ 5,509 ರೂಪಾಯಿಯನ್ನು ಪ್ರತಿ ತಿಂಗಳು ಕಾರ್ಡಿಗೇ ಕಟ್ಟುತ್ತಾ ಹೋದರೆ ಎಷ್ಟು ಕಾಲ ಬೇಕು ಎಂದು ಹೋಲಿಸಿ ನೋಡಿದೆ:

```
=NPER(0.0413,-5509,61595)
```

ಉತ್ತರ 15.3. ಅಂದರೆ ಹದಿನಾರು ಕಂತು, ಒಟ್ಟು 84,000ಕ್ಕೂ ಹೆಚ್ಚು. ಕಂತು ಅದೇ, ಕಟ್ಟುವ ಕೈಯೂ ಅದೇ, ವ್ಯತ್ಯಾಸ ಹದಿನೆಂಟು ಸಾವಿರ. ಸಂಘದ ಕಾರ್ಯದರ್ಶಿಗಳಿಗೆ ಈ ಹಾಳೆಯನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿ, "ಇದನ್ನು ಮೊದಲೇ ಕೇಳಬಾರದಿತ್ತೇನಪ್ಪಾ? ಎರಡು ಜನ ಜಾಮೀನುದಾರರನ್ನು ಕರೆದುಕೊಂಡು ಬಾ" ಎಂದರು. ಜೂನ್ 24ಕ್ಕೆ ಹಣ ಖಾತೆಗೆ ಬಂತು, 25ರಂದು ಕಾರ್ಡಿನ 61,594.83ನ್ನು ಪೂರ್ತಿ ಕಟ್ಟಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ, ಮುಗಿಯಲಿಲ್ಲ. ಬಿಲ್ ತಯಾರಾದ ದಿನಕ್ಕೂ ನಾನು ಹಣ ಕಟ್ಟಿದ ದಿನಕ್ಕೂ ನಡುವೆ ಜೂನ್ 16ರಿಂದ 24ರವರೆಗೆ ಒಂಬತ್ತು ದಿನಗಳಿದ್ದವು, ಆ ದಿನಗಳ ಬಡ್ಡಿ ಯಾವ ಬಿಲ್ಲಿನಲ್ಲೂ ಇನ್ನೂ ಬಂದಿರಲಿಲ್ಲ. ಜೊತೆಗೆ ಜೂನ್ 18ರಂದು ಮನೆಯ ದಿನಸಿಗೆ 4,000 ರೂಪಾಯಿಯನ್ನು ಅದೇ ಕಾರ್ಡಿನಲ್ಲಿ ಕಟ್ಟಿದ್ದೆ. ಹಳೆಯ ಬಾಕಿ ಇರುವಾಗ ಮಾಡಿದ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನ ಒಂದೂ ಸಿಗುವುದಿಲ್ಲ, ಆದ್ದರಿಂದ ಅದಕ್ಕೂ ಜುಲೈ 15ರವರೆಗೆ 28 ದಿನಗಳ ಬಡ್ಡಿ 128.88 ರೂಪಾಯಿ ಬಿದ್ದಿತು.

ಒಂಬತ್ತು ದಿನಗಳ ಬಡ್ಡಿ ನನ್ನ ಹಾಳೆಯಲ್ಲಿ 57,000ಕ್ಕೆ 590.30 ಎಂದು ಬಂದಿತ್ತು, ಬಿಲ್ಲಿನಲ್ಲಿ 630.63 ಇತ್ತು. ಈ ನಲವತ್ತು ರೂಪಾಯಿ ಎಲ್ಲಿಂದ ಬಂತು ಎಂದು ಹುಡುಕುವಾಗ, ಬ್ಯಾಂಕು 57,000ದ ಜೊತೆಗೆ ಹಿಂದಿನ ಬಡ್ಡಿ 3,893.92ನ್ನೂ ಸೇರಿಸಿ 60,893.92ರ ಮೇಲೆ ಲೆಕ್ಕ ಹಾಕಿದೆ ಎಂದು ತಿಳಿಯಿತು. ಬಡ್ಡಿಯ ಮೇಲಿನ ಬಡ್ಡಿಯನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿಯೇ. ಆದರೆ 700.91 ರೂಪಾಯಿ ಜಿಎಸ್‌ಟಿಯನ್ನು ಅದರಲ್ಲಿ ಸೇರಿಸಿರಲಿಲ್ಲ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನಗಳಲ್ಲಿ ವಿಧಿಸಿದೆ. ನಿಮ್ಮ ಬಿಲ್ಲಿನಲ್ಲಿ ಈ ನಿಯಮ ಪಾಲನೆಯಾಗಿದೆಯೇ ಎಂಬುದನ್ನು ಹೀಗೆ ಹಿಂದಕ್ಕೆ ಲೆಕ್ಕ ಹಾಕಿಯೇ ಕಂಡುಕೊಳ್ಳಬಹುದು: ಬಡ್ಡಿಯನ್ನು 365ರಿಂದ ಗುಣಿಸಿ, ದಿನಗಳ ಸಂಖ್ಯೆಯಿಂದಲೂ 0.42ರಿಂದಲೂ ಭಾಗಿಸಿದರೆ ಬ್ಯಾಂಕು ಯಾವ ಮೊತ್ತದ ಮೇಲೆ ಬಡ್ಡಿ ಹಾಕಿದೆ ಎಂಬುದು ಸಿಗುತ್ತದೆ.

ದರಕ್ಕೇ ಒಂದು ಮೇಲ್ಮಿತಿ ಇದೆಯೇ ಎಂದು ಕೇಳಿದ ಸಹೋದ್ಯೋಗಿಗಳಿಗೆ ಇಷ್ಟು ಹೇಳಿದೆ: ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚಿನ ಕಾರ್ಡ್ ಬಡ್ಡಿ ಅನ್ಯಾಯದ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆದೇಶಿಸಿತ್ತು, ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಅದನ್ನು ರದ್ದುಪಡಿಸಿತು.

ಜುಲೈ 15ರ ಬಿಲ್ಲಿನ ಮೊತ್ತ ದಿನಸಿಯ 4,000, ಬಡ್ಡಿ 759.51, ಜಿಎಸ್‌ಟಿ 136.71 ಸೇರಿ 4,896.22 ರೂಪಾಯಿ. ಈ ಬಾರಿ ಕೊನೆಯ ದಿನಕ್ಕೆ ಕಾಯದೆ ಮರುದಿನವೇ ಅಷ್ಟನ್ನೂ ಕಟ್ಟಿ, ಕಾರ್ಡನ್ನು ಬೀರುವಿನಲ್ಲಿಟ್ಟೆ. ಆಗಸ್ಟ್ 15ರ ಬಿಲ್ಲಿನಲ್ಲಿ ಬಡ್ಡಿಯ ಸಾಲು ಇರಲಿಲ್ಲ.