ಡಿವಿಡೆಂಡ್ ಹಿಡಿದು ಷೇರಿನ ಬೆಲೆ ಲೆಕ್ಕ ಹಾಕುವುದು ಹೇಗೆ?

ಮನೆ ಬಾಡಿಗೆಗೆ ಕೊಡುವವರು ಕರಾರು ಪತ್ರದಲ್ಲಿ ‘ವರ್ಷಕ್ಕೆ ಶೇ 5ರಷ್ಟು ಏರಿಕೆ’ ಎಂದು ಬರೆಸುತ್ತಾರೆ, ಅಲ್ವಾ? ಆ ಮನೆಯನ್ನು ಕೊಳ್ಳುವವರು ಈ ವರ್ಷದ ಬಾಡಿಗೆಯನ್ನಷ್ಟೇ ನೋಡುವುದಿಲ್ಲ. ಮುಂದೆ ಏರುತ್ತಾ ಹೋಗುವ ಬಾಡಿಗೆಗೂ ಒಂದು ಬೆಲೆ ಕಟ್ಟುತ್ತಾರೆ. ಷೇರಿಗೂ ಹೀಗೇ ಬೆಲೆ ಕಟ್ಟಬಹುದು. ಇಲ್ಲಿ ಬಾಡಿಗೆಯ ಜಾಗದಲ್ಲಿ ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಹಣ, ಇರುತ್ತದೆ. ಡಿವಿಡೆಂಡ್ ಪ್ರತಿವರ್ಷ ಒಂದೇ ದರದಲ್ಲಿ ಬೆಳೆಯುತ್ತದೆ ಎಂದು ಇಟ್ಟುಕೊಂಡು ಹಾಕುವ ಈ ಲೆಕ್ಕಕ್ಕೆ ‘ಗಾರ್ಡನ್ ಮಾದರಿ’ ಎನ್ನುತ್ತಾರೆ. 1950ರ ದಶಕದಲ್ಲಿ ಇದನ್ನು ಬಳಕೆಗೆ ತಂದ ಮೈರನ್ ಗಾರ್ಡನ್ ಎಂಬ ಅರ್ಥಶಾಸ್ತ್ರಜ್ಞರಿಂದ ಬಂದ ಹೆಸರು ಅದು.

ಸೂತ್ರ ಇಷ್ಟೇ:

```
P = D1 / (r - g)
```

P ಎಂದರೆ ಷೇರಿನ ಬೆಲೆ. D1 ಎಂದರೆ ಮುಂದಿನ ವರ್ಷ ಬರುವ ಡಿವಿಡೆಂಡ್. r ಎಂದರೆ ಈ ಷೇರಿನಿಂದ ನಿಮಗೆ ವರ್ಷಕ್ಕೆ ಶೇಕಡ ಎಷ್ಟು ಗಳಿಕೆ ಬೇಕು ಎಂಬುದು. g ಎಂದರೆ ಡಿವಿಡೆಂಡ್ ಬೆಳೆಯುವ ದರ. ಸೂತ್ರ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಷೇರಿನಿಂದ ಸಿಗುವುದು ಎರಡೇ: ಕೈಗೆ ಬರುವ ಡಿವಿಡೆಂಡ್ ಮತ್ತು ಬೆಲೆಯ ಏರಿಕೆ. ಡಿವಿಡೆಂಡ್ ಬೆಳೆದ ದರದಲ್ಲೇ ಬೆಲೆಯೂ ಬೆಳೆದರೆ ಒಟ್ಟು ಗಳಿಕೆ r ಎಂಬುದು D1/P ಮತ್ತು gಯ ಮೊತ್ತ. ಇದನ್ನೇ ತಿರುಗಿಸಿ ಬರೆದರೆ ಮೇಲಿನ ಸೂತ್ರ.

ಈಗ ನಿಜವಾದ ಷೇರೊಂದನ್ನು ಹಿಡಿಯೋಣ. ಐಟಿಸಿ ಪ್ರತಿವರ್ಷ ತಪ್ಪದೆ ಡಿವಿಡೆಂಡ್ ಕೊಡುವ ಕಂಪನಿ. ಹಾಗಾಗಿ ಈ ಲೆಕ್ಕಕ್ಕೆ ಅನುಕೂಲ. (ಕೊಳ್ಳಿ, ಮಾರಿ ಎಂದು ಹೇಳಲು ಈ ಹೆಸರು ತೆಗೆದಿಲ್ಲ.)

ಮೊದಲು ಡಿವಿಡೆಂಡ್ ಪಟ್ಟಿ ಮಾಡಿ. ನಮ್ಮಲ್ಲಿ ಷೇರುಪೇಟೆಯ ಸುದ್ದಿಗಳು ‘ಶೇ 785 ಡಿವಿಡೆಂಡ್’ ಎಂದು ಹೇಳುವುದುಂಟು. ಅದು ಷೇರಿಗೆ ಕಂಪನಿ ಗೊತ್ತು ಮಾಡಿದ ಮುಖಬೆಲೆಯ ಮೇಲಿನ ಲೆಕ್ಕ, ಮಾರುಕಟ್ಟೆ ಬೆಲೆಯ ಮೇಲಿನದಲ್ಲ. ಐಟಿಸಿಯ ಮುಖಬೆಲೆ 1 ರೂಪಾಯಿ, ಹಾಗಾಗಿ ಶೇ 785 ಎಂದರೆ ಷೇರಿಗೆ 7.85 ರೂಪಾಯಿ. ಯಾವಾಗಲೂ ರೂಪಾಯಿಯಲ್ಲೇ ಬರೆದುಕೊಳ್ಳಿ. ವರ್ಷದ ನಡುವೆ ಕೊಡುವ ಮಧ್ಯಂತರ ಮತ್ತು ವರ್ಷ ಮುಗಿದ ಮೇಲೆ ಕೊಡುವ ಅಂತಿಮ ಡಿವಿಡೆಂಡ್ ಎರಡನ್ನೂ ಕೂಡಿಸಿ. 2024–25ರಲ್ಲಿ ಮಧ್ಯಂತರ 6.50, ಅಂತಿಮ 7.85, ಒಟ್ಟು 14.35 ರೂಪಾಯಿ.

ಹಿಂದಿನ ವರ್ಷಗಳನ್ನು ಬರೆಯುವಾಗ ಒಂದು ಕಡೆ ಎಡವುವ ಸಾಧ್ಯತೆ ಇದೆ. ಐಟಿಸಿ 2022–23ರಲ್ಲಿ 15.50 ರೂಪಾಯಿ ಕೊಟ್ಟಿತು, ಮರುವರ್ಷ 13.75. ಡಿವಿಡೆಂಡ್ ಇಳಿಯಿತು ಅನ್ನಿಸುತ್ತದೆ. ಆದರೆ 15.50ರಲ್ಲಿ 2.75 ರೂಪಾಯಿ ವಿಶೇಷ ಡಿವಿಡೆಂಡ್, ಅಂದರೆ ಪ್ರತಿವರ್ಷ ಬರುವಂಥದ್ದಲ್ಲ. ಅದನ್ನು ತೆಗೆದರೆ 12.75, ಆಮೇಲೆ 13.75, ಆಮೇಲೆ 14.35. ಇಳಿಕೆ ಎಲ್ಲೂ ಇಲ್ಲ.

ಆಮೇಲೆ ಬೆಳವಣಿಗೆ ದರ. ಈ ಲೆಕ್ಕ ಕೆಡುವುದಿದ್ದರೆ ಹೆಚ್ಚಾಗಿ ಇಲ್ಲೇ ಕೆಡುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 2019–20ರಲ್ಲಿ ಡಿವಿಡೆಂಡ್ 10.15 ರೂಪಾಯಿ ಇತ್ತು. ಐದು ವರ್ಷದಲ್ಲಿ 14.35 ಆಯಿತು. ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=(14.35/10.15)^(1/5)-1
```

ವರ್ಷಕ್ಕೆ ಶೇ 7.2 ಬರುತ್ತದೆ. ಇನ್ನೂ ಒಂದೇ ಒಂದು ವರ್ಷ ಹಿಂದಕ್ಕೆ ಹೋಗಿ. 2018–19ರಲ್ಲಿ ಡಿವಿಡೆಂಡ್ 5.75 ಇತ್ತು. ಅಲ್ಲಿಂದ ಆರು ವರ್ಷಕ್ಕೆ ಲೆಕ್ಕ ಹಾಕಿದರೆ ದರ ಶೇ 16.5ಕ್ಕೆ ಜಿಗಿಯುತ್ತದೆ! ಆ ಒಂದು ವರ್ಷದಲ್ಲಿ ಕಂಪನಿಯ ವ್ಯಾಪಾರ ದುಪ್ಪಟ್ಟಾಗಿರಲಿಲ್ಲ. ಕಂಪನಿಗಳು ಕಟ್ಟಬೇಕಿದ್ದ ಡಿವಿಡೆಂಡ್ ವಿತರಣಾ ತೆರಿಗೆ 2020ರ ಏಪ್ರಿಲ್‌ನಿಂದ ರದ್ದಾಯಿತು. ಅದೇ ಹೊತ್ತಿಗೆ ಐಟಿಸಿ, ಲಾಭದ ಶೇ 80ರಿಂದ 85ರಷ್ಟನ್ನು ಹಂಚುವ ನೀತಿಗೆ ಬಂತು. ಮುಖ್ಯವಾಗಿ ಹಂಚುವ ಪಾಲು ಜಾಸ್ತಿ ಆಯಿತು. ಅಂಥ ಜಿಗಿತ ಒಂದೇ ಸಲ ಸಿಗುತ್ತದೆ. ಅದನ್ನು ‘ಬೆಳವಣಿಗೆ’ ಎಂದು ಸೂತ್ರಕ್ಕೆ ತುಂಬಬಾರದು.

ತುಂಬಿದರೆ ಏನಾಗುತ್ತದೆ? r ಶೇ 12, g ಶೇ 16.5, D1 ಎಂದರೆ 14.35ಕ್ಕೆ ಅಷ್ಟೇ ಏರಿಕೆ ಸೇರಿಸಿದ್ದು ಎಂದು ಹಾಕಿ ನೋಡಿ. ಬೆಲೆ ಮೈನಸ್ 372 ರೂಪಾಯಿ ಬರುತ್ತದೆ. ಮೈನಸ್ ಬಂದರೆ ತಪ್ಪು ಎದ್ದು ಕಾಣುತ್ತದೆ, ಅದು ಒಳ್ಳೆಯದೇ. g ಶೇ 11 ಎಂದು ಹಾಕಿದರೆ ಬರುವ 1,593 ರೂಪಾಯಿ ಇನ್ನೂ ಅಪಾಯ, ಏಕೆಂದರೆ ಅದು ನೋಡಲು ಬೆಲೆಯ ಹಾಗೇ ಇರುತ್ತದೆ. ಇಲ್ಲಿ g ಎಂದರೆ ಐದು ವರ್ಷದ ಮಾತಲ್ಲ, ಕೊನೆಯಿಲ್ಲದ ಕಾಲದ ಮಾತು. ದೇಶದ ಆರ್ಥಿಕತೆಗಿಂತ ಜೋರಾಗಿ ಒಂದು ಕಂಪನಿ ಸದಾ ಬೆಳೆಯುತ್ತಿದ್ದರೆ ಒಂದು ದಿನ ದೇಶಕ್ಕಿಂತ ಕಂಪನಿಯೇ ದೊಡ್ಡದಾಗಬೇಕಾಗುತ್ತದೆ.

gಯನ್ನು ಇನ್ನೊಂದು ದಾರಿಯಲ್ಲೂ ಪರೀಕ್ಷಿಸಿ. ಹಂಚದೆ ಉಳಿಸಿಕೊಂಡ ಲಾಭದಿಂದಲೇ ಕಂಪನಿ ಬೆಳೆಯಬೇಕು. ಲಾಭದ ಶೇ 15 ಉಳಿಸಿಕೊಂಡು, ಸ್ವಂತ ಬಂಡವಾಳದ ಮೇಲೆ ಶೇ 28 ಗಳಿಸುತ್ತದೆ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ ಬೆಳವಣಿಗೆ ಶೇ 4.2. ಡಿವಿಡೆಂಡ್ ಪಟ್ಟಿಯಿಂದ ಸಿಕ್ಕ ಸುಮಾರು 7ಕ್ಕಿಂತ ತುಂಬಾ ಕಡಿಮೆ. ಹಾಗೆಂದು 7 ತಪ್ಪೆನ್ನಲಾಗದು. ಐಟಿಸಿ ಮಾಡುವ ಸಿಗರೇಟಿನಂಥ ವ್ಯಾಪಾರದಲ್ಲಿ ಹೊಸ ಬಂಡವಾಳ ಹಾಕದೆ ಸುಮ್ನೆ ಬೆಲೆ ಏರಿಸಿಯೂ ಲಾಭ ಬೆಳೆಸಬಹುದು. ಆದರೆ ಸರ್ಕಾರ ತೆರಿಗೆ ಏರಿಸಿದಾಗ ಆ ದಾರಿ ಕಿರಿದಾಗುತ್ತದೆ. ನನಗಂತೂ ಶೇ 7 ಸ್ವಲ್ಪ ಧಾರಾಳವೇ ಅನ್ನಿಸುತ್ತದೆ.

ಇನ್ನು r. ಹತ್ತು ವರ್ಷದ ಸರ್ಕಾರಿ ಬಾಂಡ್‌ಗೆ ಶೇ 7ರ ಸುಮಾರು ಬಡ್ಡಿ ಸಿಗುವಾಗ, ಷೇರಿನ ಏರಿಳಿತ ಸಹಿಸಿಕೊಳ್ಳುವುದಕ್ಕೆ ಇನ್ನೊಂದು 5 ಸೇರಿಸಿ ಶೇ 12 ಕೇಳುವುದು ಅತಿಯಾಸೆ ಅಲ್ಲ.

ಈಗ ಬೆಲೆ. 2024–25ರ 14.35ನ್ನು ನೇರವಾಗಿ ಹಾಕಬೇಡಿ. ನಮಗೆ ಬೇಕಾದದ್ದು ಮುಂದಿನ ವರ್ಷದ್ದು: 14.35 × 1.07 = 15.35. ಅದನ್ನು 0.12 − 0.07, ಅಂದರೆ 0.05ರಿಂದ ಭಾಗಿಸಿ. ಬೆಲೆ 307 ರೂಪಾಯಿ. ಎಕ್ಸೆಲ್‌ನಲ್ಲಿ B1ಗೆ ಕೊನೆಯ ಡಿವಿಡೆಂಡ್, B2ಗೆ r, B3ಗೆ g ಹಾಕಿದರೆ:

```
=B1*(1+B3)/(B2-B3)
```

ಈಗ B3ಯನ್ನು ಮಾತ್ರ ಬದಲಾಯಿಸಿ ನೋಡಿ. g ಶೇ 8 ಆದರೆ ಬೆಲೆ 387. ಶೇ 6 ಆದರೆ 254. ಮೊದಲು ಸಿಕ್ಕ ಶೇ 4.2 ಹಾಕಿದರೆ 192. ಕೆಳಗಿರುವ r − g ಚಿಕ್ಕ ಸಂಖ್ಯೆಯಾದ್ದರಿಂದ ಸ್ವಲ್ಪ ಅಲ್ಲಾಡಿಸಿದರೂ ಉತ್ತರ ಎಲ್ಲೋ ಹೋಗುತ್ತದೆ. ಹಾಗಾಗಿ 307 ಎಂಬ ಒಂದು ಸಂಖ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರಬೇಡಿ.

ಎಲ್ಲ ಷೇರಿಗೂ ಇದು ನಡೆಯುವುದಿಲ್ಲ. ಡಿವಿಡೆಂಡನ್ನೇ ಕೊಡದ ಕಂಪನಿಗೆ ಉತ್ತರ ಸೊನ್ನೆ ಬರುತ್ತದೆ. ಉಕ್ಕು, ಸಕ್ಕರೆಯಂಥ ಏರಿಳಿತದ ಉದ್ಯಮಗಳಲ್ಲಿ ‘ಒಂದೇ ದರ’ ಎಂಬುದೇ ಇರುವುದಿಲ್ಲ. ಕೆಲವೊಮ್ಮೆ ಡಿವಿಡೆಂಡ್ ನಿಲ್ಲುವುದಕ್ಕೂ ವ್ಯಾಪಾರಕ್ಕೂ ನೇರ ಸಂಬಂಧ ಇರುವುದಿಲ್ಲ: 2019–20ರ ಡಿವಿಡೆಂಡ್ ಕೊಡಬೇಡಿ ಎಂದು ಕೋವಿಡ್ ಕಾಲದಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳನ್ನೂ ತಡೆದಿತ್ತು.

ನಾನು ಈ ಸೂತ್ರವನ್ನು ಹೆಚ್ಚಾಗಿ ಬಳಸುವುದು ಉಲ್ಟಾ. ಬೆಲೆ ಎಷ್ಟಿರಬೇಕು ಎಂದು ಕೇಳುವ ಬದಲು, ಈಗಿನ ಬೆಲೆ ಎಷ್ಟು ಬೆಳವಣಿಗೆಯನ್ನು ನಂಬಿ ನಿಂತಿದೆ ಎಂದು ಕೇಳುತ್ತೇನೆ:

```
g = (P*r - D0) / (P + D0)
```

D0 ಎಂದರೆ ಕೊನೆಯ ಡಿವಿಡೆಂಡ್. ಷೇರು 400 ರೂಪಾಯಿಗೆ ಸಿಗುತ್ತಿದೆ ಎಂದುಕೊಳ್ಳಿ. 400ರ ಶೇ 12 ಎಂದರೆ 48. ಅದರಲ್ಲಿ 14.35 ಕಳೆದರೆ 33.65. ಅದನ್ನು 414.35ರಿಂದ ಭಾಗಿಸಿದರೆ ಶೇ 8.1. ಅಂದರೆ 400 ಕೊಡುವವರಿಗೆ ಶೇ 12 ಗಳಿಕೆ ಸಿಗಬೇಕಾದರೆ ಡಿವಿಡೆಂಡ್ ಎಂದೆಂದೂ ವರ್ಷಕ್ಕೆ ಶೇ 8.1ರಷ್ಟು ಬೆಳೆಯುತ್ತಿರಬೇಕು. 2024–25ರವರೆಗಿನ ಐದು ವರ್ಷದಲ್ಲಿ ಬೆಳೆದದ್ದು ಶೇ 7.2.