ನೇಮಕಾತಿ, ಪ್ರಯಾಣಕ್ಕೆ ತಾತ್ಕಾಲಿಕ ತಡೆ: ಸುತ್ತೋಲೆ ಬರೆಯುವುದು ಹೇಗೆ?

ಮೊದಲು ತಲೆಬರಹ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಇಂಥದ್ದಕ್ಕೆ 'ಮೆಮೊ' ಎನ್ನುವುದುಂಟು. ಆದರೆ ನಮ್ಮ ಕಡೆ ಆಫೀಸಿನಲ್ಲಿ 'ಮೆಮೊ ಬಂತು' ಎಂದರೆ ಯಾರಿಗೋ ಕಾರಣ ಕೇಳಿ ನೋಟಿಸ್ ಹೋಗಿದೆ ಎಂದೇ ಲೆಕ್ಕ. ಹಾಗಾಗಿ ಕನ್ನಡದ ಪ್ರತಿಯಲ್ಲಿ 'ಸುತ್ತೋಲೆ' ಎಂದೇ ಹಾಕಿ. ಓದುವವರಿಗೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಮಂಗಳೂರಿನ ಬೈಕಂಪಾಡಿಯಲ್ಲಿ ಒಂದು ಗೇರುಬೀಜ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳೋಣ. ಆಫ್ರಿಕಾದಿಂದ ತರಿಸುವ ಕಚ್ಚಾ ಬೀಜದ ರೇಟು ಏರಿದೆ, ಹೊರದೇಶದ ಪಾರ್ಟಿಗಳಿಂದ ಹಣ ತಡವಾಗುತ್ತಿದೆ. ವರ್ಷದ ಪ್ರಯಾಣದ ಬಜೆಟ್ 24 ಲಕ್ಷ. ಡಿಸೆಂಬರ್ ಮುಗಿಯುವಾಗಲೇ 22 ಲಕ್ಷ ಖಾಲಿ. ಏಳು ಹುದ್ದೆ ತುಂಬಬೇಕಿತ್ತು. ಇನ್ನು ಜನವರಿ 1ರಿಂದ ಮಾರ್ಚ್ 31ರವರೆಗೆ ಎರಡಕ್ಕೂ ತಡೆ.

ಕಾರಣ ಬರೆಯುವಾಗ 'ಮಾರುಕಟ್ಟೆಯ ಪರಿಸ್ಥಿತಿಯಿಂದಾಗಿ' ಎಂದು ತೇಲಿಸಬೇಡಿ. ಕಚ್ಚಾ ಬೀಜ, ಬಾಕಿ ಹಣ, ಉಳಿದ 2 ಲಕ್ಷ, ಇಷ್ಟನ್ನೂ ನೇರವಾಗಿ ಹೇಳಿ. ಕೂಡಲೇ ಇನ್ನೊಂದು ಸಾಲು ಬೇಕು: 'ಈಗಿರುವ ಯಾರ ಸಂಬಳಕ್ಕೂ ಕೆಲಸಕ್ಕೂ ಇದರಿಂದ ತೊಂದರೆಯಿಲ್ಲ.' ಅದು ನಿಜವಾಗಿದ್ದರೆ ಮಾತ್ರ ಬರೆಯಿರಿ. ನಾನು ಹಿಂದೆ ಇದ್ದ ಒಂದು ಕಡೆ ಈ ಸಾಲು ಬಿಟ್ಟುಹೋಗಿತ್ತು. ಮಧ್ಯಾಹ್ನ ಗಂಜಿ ಊಟದ ಹೊತ್ತಿಗೆ 'ಮುಂದಿನ ತಿಂಗಳು ಅರ್ಧ ಸಂಬಳವಂತೆ' ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು.

ಇನ್ನು ವಿನಾಯಿತಿಗಳು. ಸುತ್ತೋಲೆಯ ಜೀವ ಇರುವುದು ಇಲ್ಲೇ, ಹಾಗಾಗಿ ನಾನು ಈ ಭಾಗವನ್ನೇ ಮೊದಲು ಬರೆದು, ಉಳಿದದ್ದನ್ನು ಆಮೇಲೆ ಕೂಡಿಸುತ್ತೇನೆ. ಏಳು ಖಾಲಿ ಹುದ್ದೆಯಲ್ಲಿ ಒಂದು ಬಾಯ್ಲರ್ ಅಟೆಂಡೆಂಟ್‌ದು. ಬೀಜ ಬೇಯಿಸಲು ಹಬೆ ಬೇಕು, ಸರ್ಟಿಫಿಕೇಟ್ ಇರುವವರಿಲ್ಲದೆ ಬಾಯ್ಲರ್ ನಡೆಸಲು ಕಾನೂನು ಬಿಡುವುದಿಲ್ಲ. ಅದನ್ನು ಹೆಸರಿಸಿಯೇ ಹೊರಗಿಡಿ. ಉಳಿದ ಆರು ಹುದ್ದೆಗೆ ತಲಾ ತಿಂಗಳಿಗೆ 30 ಸಾವಿರ ಎಂದರೆ ಮೂರು ತಿಂಗಳಿಗೆ 5.4 ಲಕ್ಷ ಉಳಿತಾಯ. ಏಳರ ಲೆಕ್ಕ ಹಿಡಿದು ಮ್ಯಾನೇಜ್‌ಮೆಂಟಿಗೆ ಜಾಸ್ತಿ ತೋರಿಸಬೇಡಿ, ಆಮೇಲೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಆಫರ್ ಲೆಟರ್ ಕೈಗೆ ಹೋಗಿದ್ದರೆ? ಆ ಹುಡುಗ ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿರಬಹುದು. 'ಡಿಸೆಂಬರ್ 31ರ ಒಳಗೆ ಲಿಖಿತ ಆಫರ್ ಪಡೆದವರಿಗೆ ಈ ತಡೆ ಅನ್ವಯಿಸುವುದಿಲ್ಲ' ಎಂದು ಬರೆದರೆ ಗೊಂದಲವೇ ಇಲ್ಲ. ಬರೀ ಇಂಟರ್‌ವ್ಯೂ ಆದವರಿಗೆ ಮಾತ್ರ ಏಪ್ರಿಲ್‌ವರೆಗೆ ಕಾಯಲು ತಿಳಿಸಿ. ಪೀಲಿಂಗ್, ಗ್ರೇಡಿಂಗ್ ವಿಭಾಗದಲ್ಲಿ ಕೆಲಸದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸರು ತಡೆಯೊಳಗೆ ಬರುತ್ತಾರೋ ಇಲ್ಲವೋ ಎಂಬುದನ್ನೂ ಸ್ಪಷ್ಟ ಮಾಡಿ. ಅವರನ್ನು ಸೇರಿಸಿದರೆ ಆರ್ಡರ್ ನಿಂತುಹೋಗುತ್ತದೆ. ಅದೇ ಸಾಲಿನಲ್ಲಿ, ಆಫೀಸಿನ ಖಾಲಿ ಹುದ್ದೆಗೆ ಕಂಟ್ರಾಕ್ಟರ್ ಮೂಲಕ ಜನ ತರುವುದೂ ನೇಮಕಾತಿಯೇ ಎಂದು ಸೇರಿಸಿ. ಹಿಂಬಾಗಿಲು ತೆರೆಯುವುದು ಅಲ್ಲೇ.

'ಪ್ರಯಾಣ' ಎಂದರೇನು ಎಂಬುದೇ ಜಗಳದ ಮೂಲ. ಉಡುಪಿ ಅಲ್ಲಿಂದ 50 ಕಿಲೋಮೀಟರಿನೊಳಗೇ ಇದೆ, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುವವರಿದ್ದಾರೆ. ಅದನ್ನೂ ತಡೆದರೆ ಬ್ಯಾಂಕ್ ಕೆಲಸ, ವಸೂಲಿ ಎಲ್ಲ ನಿಲ್ಲುತ್ತದೆ. ಹಾಗಾಗಿ 'ರಾತ್ರಿ ತಂಗುವ, ಅಥವಾ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಹೊರಗಿನ ಪ್ರಯಾಣ' ಎಂದು ಗೆರೆ ಎಳೆಯಿರಿ. ಮೆಷಿನ್ ಕೆಟ್ಟಾಗಿನ ತುರ್ತು, ತೆರಿಗೆ ಇಲಾಖೆಯ ವಿಚಾರಣೆ, ಬಾಕಿ ಹಣ ವಸೂಲಿ, ಇವಿಷ್ಟಕ್ಕೆ ವಿನಾಯಿತಿ ಸಾಕು. ಮೊದಲೇ ತೆಗೆದ ಟಿಕೆಟಿಗೆ ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಬರುತ್ತದೆ ನೋಡಿ. ಏನೂ ಬರದಿದ್ದರೆ ಹೋಗಲು ಬಿಡುವುದೇ ಲೇಸು, ಆದರೆ ಹೋಟೆಲ್ ಖರ್ಚಿಗೆ ಹೊಸದಾಗಿ ಒಪ್ಪಿಗೆ ಕೇಳಿ.

ವಿನಾಯಿತಿ ಯಾರು ಕೊಡುತ್ತಾರೆ? 'ಸಂಬಂಧಪಟ್ಟವರು' ಎಂದು ಬರೆದರೆ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಹೀಗೆ ಬರೆಯಿರಿ:

'ವಿನಾಯಿತಿ ಬೇಕಾದವರು ಕೆಲಸ, ಖರ್ಚು, ಮುಂದೂಡಿದರೆ ಆಗುವ ನಷ್ಟ ಈ ಮೂರನ್ನು ಬರೆದು ವಿಭಾಗದ ಮುಖ್ಯಸ್ಥರ ಮೂಲಕ ಹಣಕಾಸು ಮ್ಯಾನೇಜರ್‌ಗೆ ಕೊಡಬೇಕು. ಎರಡು ಕೆಲಸದ ದಿನಗಳೊಳಗೆ ಉತ್ತರ ಸಿಗುತ್ತದೆ. ಮಾರ್ಚ್ 15ರಂದು ಪರಿಶೀಲಿಸಿ, ತಡೆ ಮುಂದುವರಿಯುತ್ತದೋ ಇಲ್ಲವೋ ತಿಳಿಸುತ್ತೇವೆ.'

ತಾರೀಕಿಲ್ಲದ 'ತಾತ್ಕಾಲಿಕ'ವನ್ನು ಯಾರೂ ನಂಬುವುದಿಲ್ಲ, ಅಲ್ವಾ?

ಇ-ಮೇಲ್ ಹೋಗುವ ಮೊದಲು ವಿಭಾಗದ ಮುಖ್ಯಸ್ಥರನ್ನು ಅರ್ಧ ಗಂಟೆ ಕೂರಿಸಿ ಓದಿಸಿ. ಗ್ರೇಡಿಂಗ್ ಹಾಲ್‌ನಲ್ಲಿ ಸೂಪರ್‌ವೈಸರ್ ತುಳುವಿನಲ್ಲೇ ವಿವರಿಸಲಿ. ಬೋರ್ಡಿಗೆ ಅಂಟಿಸಿದ ಹಾಳೆ ನೋಡಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಸೂಪರ್‌ವೈಸರಣ್ಣನ ಹತ್ತಿರ ಕೇಳುತ್ತಾರೆ. ಕೊಟ್ಟ ವಿನಾಯಿತಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಮಾಲೀಕರ ಬೆಂಗಳೂರು ವಿಮಾನದ ಟಿಕೆಟೂ ಅದರಲ್ಲಿ ಇರಲಿ.